ಬಾಯಲ್ಲಿದ್ದ ಎಣ್ಣೆ ಎದೆಗಿಳಿದಾಗ

ಡಿಸೆಂಬರಿನ ಬೆಂಗಳೂರಿನಲ್ಲಿ ಬೆಳಗಿನ ಹೊತ್ತು ಕೊಬ್ಬರಿ ಎಣ್ಣೆ ಸೀಸೆಯೊಳಗೇ ಹೆಪ್ಪುಗಟ್ಟಿರುತ್ತದೆ. ಬಸವನಗುಡಿಯಲ್ಲಿರುವ ನನ್ನ ಸೋದರಮಾವ ಅದನ್ನು ಬಿಸಿನೀರಿನ ಚೊಂಬಿನಲ್ಲಿಟ್ಟು ಕರಗಿಸಿ, ಒಂದು ದೊಡ್ಡ ಚಮಚದಷ್ಟು ಬಾಯಿಗೆ ಹಾಕಿಕೊಂಡು, ಹಲ್ಲು, ವಸಡಿಗೆ ಒಳ್ಳೆಯದೆಂದು ಅದನ್ನು ಮುಕ್ಕಳಿಸುತ್ತ ವೆರಾಂಡದ ಆರಾಮಕುರ್ಚಿಯಲ್ಲಿ ಒರಗುತ್ತಿದ್ದರು. ಮುಂದಿನ ಇಪ್ಪತ್ತು ನಿಮಿಷ ಮನೆಯವರ ಮಾತಿಗೆಲ್ಲ ‘ಹೂಂ’, ‘ಊಹೂಂ’ ಎರಡೇ ಉತ್ತರ. ಹಾಲಿನವನ ಲೆಕ್ಕವೂ ಬೆರಳಿನಲ್ಲೇ ಮುಗಿಯುತ್ತಿತ್ತು.

ನಾನು ನೆದರ್ಲೆಂಡ್ಸಿನ ಉಟ್ರೆಕ್ಟಿನಲ್ಲಿದ್ದೇನೆ. ಅಲ್ಲಿನ ಸಾವಯವ ಅಂಗಡಿಯಲ್ಲಿ ಇದೇ ಕೊಬ್ಬರಿ ಎಣ್ಣೆಗೆ ಪುದೀನ ಬೆರೆಸಿ, ಪುಟ್ಟ ಪೊಟ್ಟಣಗಳಲ್ಲಿ ತುಂಬಿ, ‘ಪ್ರಾಚೀನ ಭಾರತದ ರಹಸ್ಯ’ ಎಂದು ಮಾರುತ್ತಾರೆ. ಅದರ ಬೆಲೆ ಕೇಳಿದರೆ ಮಾವ ಬಾಯಲ್ಲಿದ್ದ ಎಣ್ಣೆಯನ್ನು ನುಂಗಿಯೇಬಿಡುತ್ತಿದ್ದರು. ಆದರೆ ಅದೇ ಊರಿನ ದಂತ ನೈರ್ಮಲ್ಯ ತಜ್ಞೆಯ ಬಳಿ ಎಣ್ಣೆಯ ಮಾತೆತ್ತಿದಾಗ ಆಕೆ ಹೊಗಳಲೂ ಇಲ್ಲ, ಹಳಿಯಲೂ ಇಲ್ಲ. ಹಲ್ಲಿನ ಮೇಲೆ ಕೂತ ಬ್ಯಾಕ್ಟೀರಿಯಾದ ಅಂಟುಪೊರೆಗೆ, ಅಂದರೆ ಪ್ಲೇಕಿಗೆ ಬಣ್ಣ ಹಿಡಿಸುವ ಎರಡು ಗುಳಿಗೆ ಕೊಟ್ಟು, “ನೀವೇ ನೋಡಿಕೊಳ್ಳಿ” ಎಂದರು.

ನೋಡಿಕೊಂಡೆ. ಒಂದು ರಾತ್ರಿ ಹಲ್ಲುಜ್ಜದೆ ಮಲಗಿ, ಬೆಳಿಗ್ಗೆ ಕಾಲು ಗಂಟೆ ಎಣ್ಣೆ ಮುಕ್ಕಳಿಸಿ ಉಗುಳಿ, ಗುಳಿಗೆಯನ್ನು ಅಗಿದು ಕನ್ನಡಿಯ ಮುಂದೆ ನಿಂತೆ. ಹಲ್ಲಿನ ಮುಂಭಾಗದಲ್ಲಿ ಬಣ್ಣ ತೆಳುವಾಗಿತ್ತು. ವಸಡಿನ ಅಂಚಿನಲ್ಲಿ, ಎರಡು ಹಲ್ಲುಗಳ ನಡುವಿನ ಸಂದಿಯಲ್ಲಿ ಮಾತ್ರ ಕುಂಕುಮ ಮೆತ್ತಿದ ಹಾಗೆ ಕೆಂಪು. ವಸಡು ಊದಿಕೊಂಡು ರಕ್ತ ಜಿನುಗುವುದು ಶುರುವಾಗುವುದೇ ಆ ಜಾಗದಲ್ಲಿ. ಮರುದಿನ ಸಂದಿಗೆ ತೂರಿಸುವ ಸಣ್ಣ ಬ್ರಷ್ ಆಡಿಸಿದ ಮೇಲೆ ಎರಡನೆಯ ಗುಳಿಗೆ ಅಗಿದೆ. ಕೆಂಪು ಬಹುಪಾಲು ಹೋಗಿತ್ತು. ಒಂದೇ ಬಾಯಿಯ ಪರೀಕ್ಷೆ, ಇದನ್ನು ವಿಜ್ಞಾನ ಎನ್ನುವ ಹಾಗಿಲ್ಲ. ಎಣ್ಣೆಯೇ ಸಾಕೆಂಬ ನನ್ನ ಹಟ ಇಳಿಸಲು ಅಷ್ಟು ಸಾಕಾಯಿತು.

ಹಾಗಾದರೆ ವಿಜ್ಞಾನ ಏನನ್ನುತ್ತದೆ? ಕೊಬ್ಬರಿ ಎಣ್ಣೆಯ ಪರ ವಾದಿಸುವವರು ಹೆಚ್ಚಾಗಿ ತೋರಿಸುವುದು ಕೇರಳದ ಕಣ್ಣೂರಿನ ಅಧ್ಯಯನ, 2015ರದು. ವಸಡಿನ ಉರಿಯೂತವಿದ್ದ 60 ಹದಿಹರೆಯದವರು ಮೂವತ್ತು ದಿನ ಎಣ್ಣೆ ಮುಕ್ಕಳಿಸಿದರು. ಮೊದಲ ವಾರದಿಂದಲೇ ಪ್ಲೇಕೂ ಉರಿಯೂತವೂ ಇಳಿದವು. ಕೇಳಲು ಚೆನ್ನಾಗಿದೆ. ಆದರೆ ಅವರು ಹಲ್ಲುಜ್ಜುವುದನ್ನು ಬಿಟ್ಟಿರಲಿಲ್ಲ, ಎಣ್ಣೆ ಹಾಕಿಕೊಳ್ಳದ ಇನ್ನೊಂದು ಗುಂಪೂ ಪಕ್ಕದಲ್ಲಿರಲಿಲ್ಲ. ಯಾರೋ ಆಗಾಗ ಬಾಯಿ ನೋಡಲು ಬರುತ್ತಾರೆಂದರೆ ಯಾವ ಹುಡುಗನಾದರೂ ಸ್ವಲ್ಪ ಶ್ರದ್ಧೆಯಿಂದಲೇ ಹಲ್ಲುಜ್ಜುತ್ತಾನೆ. ಆ ಸುಧಾರಣೆಯಲ್ಲಿ ಎಣ್ಣೆಯ ಪಾಲೆಷ್ಟು, ಬ್ರಷ್ಷಿನ ಪಾಲೆಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ. 2020ರಲ್ಲಿ ಕೊಬ್ಬರಿ ಎಣ್ಣೆಯ ಪ್ರಯೋಗಗಳನ್ನೆಲ್ಲ ಸೋಸಿ ನೋಡಿದ ವಿಮರ್ಶೆಯ ಕೈಗೆ ಸಿಕ್ಕಿದ್ದು ನಾಲ್ಕು ಪ್ರಯೋಗ, ಒಟ್ಟು 182 ಜನ. ‘ಉಪಯೋಗವಾಗಬಹುದು, ಆದರೆ ಪುರಾವೆ ದುರ್ಬಲ’ ಎಂಬುದು ಅದರ ಸಾರ. ವಸಡಿಗೆ ಒಂದಿಷ್ಟು ಹಿತ, ಪ್ಲೇಕ್ ತಗ್ಗಿಸುವುದರಲ್ಲಿ ಬಾಯಿ ಮುಕ್ಕಳಿಸಲು ದಂತವೈದ್ಯರು ಕೊಡುವ ಕ್ಲೋರ್‌ಹೆಕ್ಸಿಡಿನ್ ದ್ರಾವಣವೇ ಮೇಲು ಎಂದು 2024ರ ಮತ್ತೊಂದು ವಿಮರ್ಶೆ ಹೇಳಿತು. ಹುಳುಕು ಹಲ್ಲು ವಾಸಿಯಾಗುವುದು, ಗಟ್ಟಿ ಕಿಟ್ಟ ಕರಗುವುದು, ದೇಹದ ವಿಷ ಹೊರಬರುವುದು ಇವೆಲ್ಲ ಬರಿಯ ಬಾಯಿಮಾತು. ಕೊನೆಯಲ್ಲಿ ಉಗುಳುವಾಗ ಎಣ್ಣೆ ಹಾಲಿನಂತೆ ಬೆಳ್ಳಗಾಗಿರುವುದನ್ನು ಮಾವ ‘ವಿಷ’ ಎಂದು ತೋರಿಸುತ್ತಿದ್ದರು. ಅದು ಎಂಜಲು ಎಣ್ಣೆಯೊಡನೆ ಕಲಸಿಕೊಂಡದ್ದು. ಮಜ್ಜಿಗೆ ಕಡೆದ ಹಾಗೆ ಇಪ್ಪತ್ತು ನಿಮಿಷ ಕಡೆದರೆ ಇನ್ನೇನಾದೀತು?

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ವಸಡಿಗೆ ಸ್ವಲ್ಪ ಹಿತ, ಕೈಯಿಂದ ಹೋಗುವುದು ಒಂದು ಚಮಚ ಎಣ್ಣೆ. ಮಾಡಿಕೊಳ್ಳಲಿ ಬಿಡಿ ಎಂದು ಸುಮ್ಮನಿರುತ್ತಿದ್ದೆ.

ಹೋದ ವರ್ಷ ಮಾವನಿಗೆ ಕೆಮ್ಮು ಹಿಡಿಯಿತು. ಅದಕ್ಕೂ ಹಿಂದಿನ ವರ್ಷ ಅವರಿಗೆ ಲಘು ಪಾರ್ಶ್ವವಾಯು ಆಗಿತ್ತು. ಕೈಕಾಲು ಸರಿಹೋದವು, ನೀರು ಕುಡಿಯುವಾಗ ನೆತ್ತಿಗೇರುವುದು ಮಾತ್ರ ಉಳಿದಿತ್ತು. ಕೆಮ್ಮು ಮೂರು ತಿಂಗಳಾದರೂ ಬಿಡಲಿಲ್ಲ. ಸಂಜೆ ಸಣ್ಣ ಜ್ವರ, ಮೆಟ್ಟಿಲು ಹತ್ತಿದರೆ ಏದುಸಿರು. ಎರಡು ಸುತ್ತು ಆಂಟಿಬಯೋಟಿಕ್ ಮುಗಿಸಿದರೂ ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗದ ನೆರಳು ಹಾಗೆಯೇ ಇತ್ತು. ಕ್ಷಯವಿರಬಹುದೆಂದು ಕಫ ಪರೀಕ್ಷಿಸಿದರು, ಸಿಗಲಿಲ್ಲ. ಅತ್ತೆ ಬಾಯಿಬಿಟ್ಟು ಹೇಳದಿದ್ದರೂ ಕ್ಯಾನ್ಸರ್ ಎಂದೇ ಎಣಿಸಿದ್ದರು.

ಸಿಟಿ ಸ್ಕ್ಯಾನ್ ನೋಡಿದ ಶ್ವಾಸಕೋಶ ತಜ್ಞರು ಕೇಳಿದ ಮೊದಲ ಪ್ರಶ್ನೆ: “ಮೂಗಿಗೆ ಎಣ್ಣೆ, ತುಪ್ಪ ಬಿಟ್ಟುಕೊಳ್ಳುವ ಅಭ್ಯಾಸ ಇದೆಯೇ?” ಬಿಳಿಯ ನೆರಳಿನ ಒಳಗೆ ಕಪ್ಪಾದ ಮಚ್ಚೆಗಳಿದ್ದವು. ಸಿಟಿಯ ಅಳತೆಯಲ್ಲಿ ನೀರು ಸೊನ್ನೆ, ಕೊಬ್ಬು ಅದಕ್ಕಿಂತ ಕೆಳಗೆ. ಆ ಮಚ್ಚೆಗಳ ಸಂಖ್ಯೆ ಸೊನ್ನೆಗಿಂತ ಬಹಳ ಕೆಳಗಿತ್ತು. ಸಾಮಾನ್ಯ ನ್ಯುಮೋನಿಯಾದಲ್ಲಿ ಶ್ವಾಸಕೋಶದೊಳಗೆ ಕೊಬ್ಬು ಕಾಣಿಸುವುದಿಲ್ಲ. ಆಮೇಲೆ ಕೊಳವೆ ಇಳಿಸಿ ಶ್ವಾಸಕೋಶ ತೊಳೆದು ತೆಗೆದ ದ್ರವದಲ್ಲಿ ಎಣ್ಣೆಹನಿ ನುಂಗಿ ಉಬ್ಬಿದ ಜೀವಕೋಶಗಳು ಸಿಕ್ಕವು. ಎಣ್ಣೆ ಶ್ವಾಸಕೋಶಕ್ಕೆ ಇಳಿದು ಬರುವ ಈ ರೋಗಕ್ಕೆ ಲಿಪಾಯ್ಡ್ ನ್ಯುಮೋನಿಯಾ ಎಂದು ಹೆಸರು.

ನನಗೆ ಅರ್ಥವಾಗದಿದ್ದದ್ದು ಒಂದೇ: ಎಣ್ಣೆ ಉಸಿರುನಾಳಕ್ಕೆ ಹೋಗುವಾಗ ಮಾವನಿಗೆ ಗೊತ್ತೇ ಆಗಲಿಲ್ಲವೇ? ನೀರು ತಪ್ಪಿ ಇಳಿದರೆ ಗಂಟಲು ಕೆರಳಿ, ಕೆಮ್ಮಿ ಹೊರದೂಡುತ್ತದೆ. ಎಣ್ಣೆ ನುಣುಪು, ಸಪ್ಪೆ. ಗಂಟಲನ್ನು ಅಷ್ಟಾಗಿ ಕೆರಳಿಸದೆ ಜಾರಿ ಇಳಿದುಬಿಡುತ್ತದೆ. ಕಸವನ್ನು ಮೇಲಕ್ಕೆ ತಳ್ಳುವ ಉಸಿರುನಾಳದ ಸೂಕ್ಷ್ಮ ರೋಮಗಳ ಕೆಲಸಕ್ಕೂ ಅಡ್ಡಿಯಾಗುತ್ತದೆ. ಒಳಗಿನ ಜೀವಕೋಶಗಳು ಅದನ್ನು ನುಂಗುತ್ತವೆ, ಅರಗಿಸಲಾರವು. ದಿನಕ್ಕೆ ಒಂದೆರಡು ಹನಿಯಾದರೂ ತಿಂಗಳುಗಟ್ಟಲೆ ಸೇರಿದರೆ ಅಲ್ಲಿ ಉರಿಯೂತ ಬೇರೂರುತ್ತದೆ. ಮಾವ ಹಿಂದಕ್ಕೊರಗಿ ಕೂರುತ್ತಿದ್ದರು; ಎಷ್ಟೋ ಸಲ ಎಣ್ಣೆ ಬಾಯಲ್ಲಿರುವಾಗಲೇ ತೂಕಡಿಸುತ್ತಿದ್ದರು ಎಂದು ಅತ್ತೆ ಆಮೇಲೆ ಹೇಳಿದರು.

ಎಣ್ಣೆ ಮುಕ್ಕಳಿಸಿ ಈ ರೋಗ ತಂದುಕೊಂಡವರ ಬಗ್ಗೆ 2014ರಲ್ಲಿ ಕೊರಿಯಾದ, 2015ರಲ್ಲಿ ಜಪಾನಿನ ವೈದ್ಯರು ವರದಿ ಬರೆದಿದ್ದಾರೆ. ಜಪಾನಿನದು ಎಳ್ಳೆಣ್ಣೆಯ ಪ್ರಸಂಗ. ಇಂಥವು ವಿರಳ, ಮುಕ್ಕಳಿಸುವವರೆಲ್ಲ ಬೆಚ್ಚಿಬೀಳಬೇಕಾಗಿಲ್ಲ. ಆದರೆ ಕೂಸಿನ ಮೂಗಿಗೂ ಗಂಟಲಿಗೂ ಎಣ್ಣೆ ಬಿಡುವ ನಮ್ಮ ಕಡೆಯ ಬಾಣಂತನದ ಪದ್ಧತಿಯಿಂದಲೂ ಬರುವುದು ಇದೇ ರೋಗ. ಮಕ್ಕಳ ವೈದ್ಯರಿಗೆ ಅದು ಹೊಸದಲ್ಲ.

ಹಳೆಯ ಆಯುರ್ವೇದವನ್ನು ದೂರಲು ನನಗೆ ಮನಸ್ಸಿಲ್ಲ. ಬಾಯಿ ಅಲುಗದಷ್ಟು ತುಂಬಿ ಹಿಡಿದರೆ ಗಂಡೂಷ, ಆಡಿಸುವಷ್ಟು ಹಾಕಿಕೊಂಡರೆ ಕವಲ ಎಂದು ಅದು ವಿಂಗಡಿಸಿದೆ. ಸುಶ್ರುತದಲ್ಲಂತೂ ಬೇರೆಡೆ ಮನಸ್ಸು ಹರಿಯದಂತೆ ಕೂತು ಹಿಡಿಯಬೇಕೆಂಬ ಮಾತಿದೆ. ಆರಾಮಕುರ್ಚಿ, ದಿನಪತ್ರಿಕೆ, ತೂಕಡಿಕೆ ಇವು ನಾವು ಸೇರಿಸಿಕೊಂಡವು. ಉಟ್ರೆಕ್ಟಿನ ಪೊಟ್ಟಣದ ಮೇಲೂ ‘ಸ್ನಾನ ಮಾಡುತ್ತಲೇ ಮಾಡಿ, ಮೊಬೈಲ್ ನೋಡುತ್ತಲೇ ಮಾಡಿ’ ಎಂದೇ ಬರೆದಿದೆ.

ಮಾಡಲೇಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟು. ಹಲ್ಲುಜ್ಜುವುದನ್ನು, ಹಲ್ಲಿನ ಸಂದಿ ಶುಚಿ ಮಾಡುವುದನ್ನು ಬಿಡಬೇಡಿ. ಎರಡು ಚಿಕ್ಕ ಚಮಚ ಎಣ್ಣೆ ಧಾರಾಳವಾಯಿತು, ಬಾಯಲ್ಲಿ ಎಂಜಲು ಸೇರಿ ಅದು ಹೆಚ್ಚುತ್ತದೆ. ನೇರ ಕೂತು, ಮುಖ ತುಸು ಮುಂದಕ್ಕೆ ಬಾಗಿಸಿ. ತಲೆ ಹಿಂದಕ್ಕೆ ಚೆಲ್ಲಿ ಗಂಟಲಲ್ಲಿ ಗುಳುಗುಳಿಸಬೇಡಿ. ಬಾಯಿ ತುಂಬಿತೆನಿಸಿದರೆ ಗಡಿಯಾರ ನೋಡದೆ ಉಗುಳಿ, ಅದೂ ಕಸದ ಬುಟ್ಟಿಗೆ; ಚಳಿಗಾಲದಲ್ಲಿ ಈ ಎಣ್ಣೆ ಸಿಂಕಿನ ಕೊಳವೆಯಲ್ಲೂ ಹೆಪ್ಪುಗಟ್ಟುತ್ತದೆ. ನೀರು ಆಗಾಗ ನೆತ್ತಿಗೇರುವವರು, ಪಾರ್ಶ್ವವಾಯು ಆದವರು, ನಡುಕರೋಗವಿದ್ದವರು, ಮೂಗು ಕಟ್ಟಿದವರು, ಚಿಕ್ಕ ಮಕ್ಕಳು ಇದರ ಗೊಡವೆಗೇ ಹೋಗಬಾರದು. ಎಣ್ಣೆಯ ಅಭ್ಯಾಸವಿದ್ದು ಕೆಮ್ಮು ವಾರಗಟ್ಟಲೆ ಬಿಡದಿದ್ದರೆ ವೈದ್ಯರಿಗೆ ಆ ಅಭ್ಯಾಸವನ್ನು ನೀವಾಗಿಯೇ ಹೇಳಿ. ಅದನ್ನು ಔಷಧವೆಂದು ಯಾರೂ ಎಣಿಸುವುದಿಲ್ಲವಾದ್ದರಿಂದ ‘ಏನು ತೆಗೆದುಕೊಳ್ಳುತ್ತೀರಿ’ ಎಂದು ಕೇಳಿದಾಗ ಮಾವ ರಕ್ತದೊತ್ತಡದ ಮಾತ್ರೆಯನ್ನಷ್ಟೇ ಹೇಳಿದ್ದರು.

ಮಾವನಿಗೆ ಮುಖ್ಯ ಚಿಕಿತ್ಸೆ ಎಂದರೆ ಎಣ್ಣೆ ನಿಲ್ಲಿಸಿದ್ದು. ನೆರಳು ತಿಳಿಯಾಗಲು ಏಳು ತಿಂಗಳು ಹಿಡಿಯಿತು, ಬಲಗಡೆ ಒಂದು ಗೆರೆ ಉಳಿದೇ ಇದೆ. ನಾನು ಊರಿಗೆ ಹೋದಾಗ ಸೀಸೆ ವೆರಾಂಡದಿಂದ ಬಚ್ಚಲುಮನೆಯ ಗೂಡಿಗೆ ಸೇರಿತ್ತು. “ತಲೆಗೆ ಹಚ್ಚಿಕೊಳ್ಳುವುದಕ್ಕಾದರೂ ನಿನ್ನ ಅಪ್ಪಣೆ ಇದೆಯೇನೋ?” ಎಂದು ಕೇಳಿದರು ಮಾವ.