ಅರಬಿಯ ಮುರಿದ ಬಹುವಚನ: ಮೊದಲು ವ್ಯಂಜನ ಎಣಿಸಿ

ಅರಬಿ ಕಲಿಯಲು ತೊಡಗಿದವರಲ್ಲಿ ಬಹುಮಂದಿಯ ದೂರು ಒಂದೇ. ಲಿಪಿ ಬೇಗ ಕೈಗೆ ಹತ್ತುತ್ತದೆ, ಗಂಟಲಿನ ಧ್ವನಿಗಳೂ ಹೇಗೋ ನಾಲಿಗೆಗೆ ಒಗ್ಗುತ್ತವೆ, ಬಹುವಚನ ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ ಎನ್ನುತ್ತಾರೆ. ಈ ದೂರಿನಲ್ಲಿ ಅರ್ಧ ನಿಜವಿದೆ. ಉಳಿದರ್ಧಕ್ಕೆ ಭಾಷೆಗಿಂತ ಕಲಿಸುವ ಕ್ರಮವೇ ಹೆಚ್ಚು ಕಾರಣ ಎಂಬುದು ನನ್ನ ಅಭಿಪ್ರಾಯ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಸುಲಭದ್ದರಿಂದ ಆರಂಭಿಸುತ್ತವೆ. ಮುಅಲ್ಲಿಮ್ ಎಂದರೆ ಶಿಕ್ಷಕ, ಮುಅಲ್ಲಿಮೂನ್ ಎಂದರೆ ಶಿಕ್ಷಕರು. ಮುಅಲ್ಲಿಮಾ ಎಂದರೆ ಶಿಕ್ಷಕಿ, ಮುಅಲ್ಲಿಮಾತ್ ಎಂದರೆ ಶಿಕ್ಷಕಿಯರು. ಏಕವಚನದ ಮೈಗೆ ಪೆಟ್ಟಾಗದೆ ಕೊನೆಗೊಂದು ಪ್ರತ್ಯಯ ಸೇರುವುದರಿಂದ ಅರಬಿ ವೈಯಾಕರಣರು ಇದನ್ನು ‘ಸಾಲಿಮ್’, ಅಂದರೆ ಇಡಿಯಾಗಿ ಉಳಿದ ಬಹುವಚನ ಎಂದು ಕರೆದರು. ‘ರು’, ‘ಗಳು’ ಹಚ್ಚಿ ಅಭ್ಯಾಸವಿರುವ ನಮಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಮುಂದಿನ ಪಾಠದಲ್ಲಿ ಕಿತಾಬ್ ಎಂಬುದು ಕುತುಬ್ ಆಗುತ್ತದೆ, ಕಲಮ್ ಎಂಬುದು ಅಕ್ಲಾಮ್, ಬೈತ್ (ಮನೆ) ಎಂಬುದು ಬುಯೂತ್, ರಜುಲ್ (ಗಂಡಸು) ಎಂಬುದು ರಿಜಾಲ್. ವ್ಯಂಜನಗಳು ತಮ್ಮ ಕ್ರಮದಲ್ಲೇ ನಿಂತಿರುತ್ತವೆ. ಅವುಗಳ ನಡುವಿನ ಸ್ವರಗಳೆಲ್ಲ ಬದಲಾಗುತ್ತವೆ. ಇದು ‘ತಕ್ಸೀರ್’, ಮುರಿದ ಬಹುವಚನ. ಮೊದಲನೆಯದನ್ನು ನಿಯಮವೆಂದೂ ಎರಡನೆಯದನ್ನು ಅಪವಾದಗಳ ರಾಶಿಯೆಂದೂ ತಿಳಿದುಕೊಂಡ ವಿದ್ಯಾರ್ಥಿ ಅಲ್ಲಿಂದಾಚೆ ಪಟ್ಟಿ ಉರುಹೊಡೆಯತೊಡಗುತ್ತಾನೆ.

ವಾಸ್ತವದಲ್ಲಿ ‘ನಿಯಮ’ದ ಕ್ಷೇತ್ರವೇ ಚಿಕ್ಕದು. ‘-ಊನ್’ ಪ್ರತ್ಯಯ ಹತ್ತುವುದು ಬಹುತೇಕ ಗಂಡು ಮನುಷ್ಯರನ್ನು ಸೂಚಿಸುವ ಪದಗಳಿಗೆ ಮಾತ್ರ. ನಮ್ಮ ‘ರು’ ಮನುಷ್ಯವಾಚಕಗಳನ್ನು ಬಿಟ್ಟು ಮರಕ್ಕೂ ಕಲ್ಲಿಗೂ ಹೋಗದಿರುವ ಹಾಗೆಯೇ ಇದು. ಮನುಷ್ಯರಲ್ಲೂ ಮುಖ್ಯವಾಗಿ ಕ್ರಿಯಾಪದದಿಂದ ಬಂದ ಕರ್ತೃಪದಗಳು, ವೃತ್ತಿಯ ಹೆಸರುಗಳು, ಮಿಸ್ರೀ (ಈಜಿಪ್ಟಿನವನು) ಎಂಬಂಥ ನಾಡಿನ ಹೆಸರುಗಳಷ್ಟೇ ಅದರ ಪಾಲಿಗೆ ಬರುತ್ತವೆ. ‘-ಆತ್’ ಇದಕ್ಕಿಂತ ಉದಾರಿ. ಅನೇಕ ಸ್ತ್ರೀಲಿಂಗ ಪದಗಳ ಜೊತೆಗೆ ತಿಲಿಫಿಜ್ಯೂನ್, ದೂಲಾರ್‌ನಂಥ ಪರಭಾಷೆಯ ಪದಗಳನ್ನೂ ಅದು ಸೇರಿಸಿಕೊಳ್ಳುತ್ತದೆ. ಆದರೆ ಮನೆ, ಮಗು, ಬಾಗಿಲು, ಪುಸ್ತಕ, ನಾಯಿ, ಬೆಟ್ಟ, ಹೃದಯ ಇತ್ಯಾದಿ ದಿನಬಳಕೆಯ ಪದಗಳೆಲ್ಲ ಮುರಿದೇ ಬಹುವಚನವಾಗುತ್ತವೆ. ಇಂಥದ್ದನ್ನು ಅಪವಾದವೆಂದು ಪರಿಚಯಿಸುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ನನ್ನ ಮಟ್ಟಿಗೆ ನಾಲ್ಕು ವ್ಯಂಜನಗಳ ಪದಗಳಿಂದ. ಮಕ್ತಬ್ (ಕಚೇರಿ) ಎಂಬಲ್ಲಿ ಮ, ಕ, ತ, ಬ ಎಂಬ ನಾಲ್ಕು ವ್ಯಂಜನಗಳಿವೆ. ಬಹುವಚನ ಮಾಡಲು ಮೊದಲ ವ್ಯಂಜನದ ಮೇಲೆ ‘ಅ’, ಎರಡನೆಯದರ ಮೇಲೆ ದೀರ್ಘ ‘ಆ’, ಮೂರನೆಯದರ ಮೇಲೆ ‘ಇ’ ಹಾಕಿದರೆ ಸಾಕು: ಮಕಾತಿಬ್. ಮಸ್ಜಿದ್ ಇದೇ ಅಚ್ಚಿನಲ್ಲಿ ಮಸಾಜಿದ್ ಆಗುತ್ತದೆ, ದಿರ್ಹಮ್ ದರಾಹಿಮ್ ಆಗುತ್ತದೆ. ಏಕವಚನದ ಕೊನೆಯ ಸ್ವರ ದೀರ್ಘವಾಗಿದ್ದರೆ ಬಹುವಚನದಲ್ಲೂ ಅಲ್ಲಿ ದೀರ್ಘವೇ ಉಳಿಯುತ್ತದೆ, ಆದರೆ ‘ಈ’ ಆಗಿ. ಹೀಗಾಗಿ ಮಿಫ್ತಾಹ್ (ಬೀಗದಕೈ) ಮಫಾತೀಹ್, ಸುಲ್ತಾನ್ ಸಲಾತೀನ್, ಸುಂದೂಕ್ (ಪೆಟ್ಟಿಗೆ) ಸನಾದೀಕ್. ಏಕವಚನದಲ್ಲಿ ಆ ಸ್ವರ ‘ಆ’ ಇತ್ತೋ ‘ಊ’ ಇತ್ತೋ ಎಂಬುದು ಅಳಿಸಿಹೋಗುತ್ತದೆ. ಅದರ ಉದ್ದ ಮಾತ್ರ ಅಳಿಯುವುದಿಲ್ಲ.

ಇದೇ ಅಚ್ಚಿನ ಇನ್ನೊಂದು ಚಮತ್ಕಾರವನ್ನು ನಮಗೆ ಪರಿಚಯವಿರುವ ಎರಡು ಪದಗಳಲ್ಲಿ ನೋಡಬಹುದು. ಕನ್ನಡದ ಕಾನೂನು ಮತ್ತು ಕಾಯಿದೆ ಎರಡೂ ಅರಬಿಯಿಂದ ಬಂದವು: ಕಾನೂನ್, ಕಾಇದಾ. ಕಾಇದಾದ ‘ಇ’ಯಲ್ಲಿ ಕನ್ನಡ ಲಿಪಿಗೆ ಸಿಗದ ‘ಐನ್’ ಎಂಬ ಗಂಟಲಿನ ವ್ಯಂಜನ ಅಡಗಿದೆ, ಅದನ್ನೂ ಎಣಿಸಬೇಕು. ಇವುಗಳಲ್ಲಿ ಮೊದಲ ವ್ಯಂಜನದ ಮುಂದೆಯೇ ದೀರ್ಘ ‘ಆ’ ಇದೆ. ಎರಡನೆಯ ವ್ಯಂಜನ ಇರಬೇಕಾದ ಜಾಗ ಖಾಲಿಯಾಗಿದೆ. ಅಚ್ಚಿಗೆ ನಾಲ್ಕು ಬೇಕೇ ಬೇಕು, ಆದ್ದರಿಂದ ಅರಬಿ ಅಲ್ಲಿ ‘ವ’ ತುಂಬುತ್ತದೆ. ಕಾನೂನ್‌ನಲ್ಲಿ ಕೊನೆಯ ಸ್ವರ ದೀರ್ಘವಾದ್ದರಿಂದ ಕವಾನೀನ್. ಕಾಇದಾ ಪದದ ಕೊನೆಯಲ್ಲಿರುವುದು ಸ್ತ್ರೀಲಿಂಗ ಪ್ರತ್ಯಯ, ಅದು ಲೆಕ್ಕಕ್ಕಿಲ್ಲ. ಅದನ್ನು ತೆಗೆದರೆ ಉಳಿಯುವ ಸ್ವರ ಹ್ರಸ್ವ, ಆದ್ದರಿಂದ ಕವಾಇದ್. ಪೊಲೀಸ್ ಮೈದಾನದಲ್ಲಿ ನಡೆಯುವ ಕವಾಯತಿನ ಮೂಲ ಈ ಬಹುವಚನವೇ. ಅರಬಿ ಶಾಲೆಯಲ್ಲಿ ಕವಾಇದ್ ಎಂದರೆ ವ್ಯಾಕರಣದ ಪಾಠ; ಎರಡರಲ್ಲೂ ಬೆವರು ಇಳಿಯುವುದಂತೂ ಖಂಡಿತ.

ವ್ಯಂಜನಗಳು ಐದಾದರೆ ಅರಬಿ ಒಂದನ್ನು ಕೈಬಿಡುತ್ತದೆ. ಅಂಕಬೂತ್ (ಜೇಡ) ಎಂಬುದರ ಮೊದಲ ‘ಅ’ದಲ್ಲೂ ಐನ್ ಇದೆ; ಅದು ಅನಾಕಿಬ್ ಆಗುವಾಗ ಕೊನೆಯ ‘ತ್’ ಮಾಯವಾಗುತ್ತದೆ. ಪರ್ಷಿಯನ್ ಮೂಲದ ಬರ್ನಾಮಜ್ (ಕಾರ್ಯಕ್ರಮ) ಬರಾಮಿಜ್ ಆಗುವಾಗ ನಡುವಿನ ‘ನ್’ ಹೋಗುತ್ತದೆ. ಇಂದು ಕಂಪ್ಯೂಟರ್ ಪ್ರೋಗ್ರಾಂಗಳಿಗೂ ಅರಬರು ಬಳಸುವುದು ಇದೇ ಬಹುವಚನವನ್ನು. 1990ರಲ್ಲಿ ಜಾನ್ ಮೆಕಾರ್ಥಿ ಮತ್ತು ಅಲನ್ ಪ್ರಿನ್ಸ್ ಎಂಬ ಭಾಷಾವಿಜ್ಞಾನಿಗಳು ಈ ವಿದ್ಯಮಾನವನ್ನು ಛಂದಸ್ಸಿನ ಪರಿಭಾಷೆಯಲ್ಲಿ ವಿವರಿಸಿದರು: ಪದದ ಮೊದಲ ಭಾಗ ಲಘು-ಗುರು ಎಂಬ ಒಂದು ಗಣಕ್ಕೆ ಒಗ್ಗಿಕೊಳ್ಳುತ್ತದೆ, ಉಳಿದ ಭಾಗ ಅದರ ಹಿಂದೆ ಬರುತ್ತದೆ. ಮಕಾತಿಬ್‌ನ ‘ಮಕಾ’, ಸಲಾತೀನ್‌ನ ‘ಸಲಾ’ ಎರಡನ್ನೂ ಪ್ರಸ್ತಾರ ಹಾಕಿ ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಲಘು-ಗುರು ಹಾಕಿ ಬೆಳೆದ ನಮಗೆ ಈ ವಿವರಣೆ ಬೇರೆಯವರಿಗಿಂತ ಬೇಗ ಹಿಡಿಸಬೇಕು.

ಮೂರು ವ್ಯಂಜನಗಳ ಪದಗಳ ವಿಷಯದಲ್ಲಿ ಮಾತ್ರ ದೂರು ನ್ಯಾಯವಾದದ್ದು. ಕಲ್ಬ್ ಎಂಬ ಉಚ್ಚಾರ ನಮ್ಮ ಕಿವಿಗೆ ಒಂದೇ ಆಗಿ ಕೇಳಿಸಿದರೂ ಅರಬಿಯಲ್ಲಿ ಅದು ಎರಡು ಪದ. ಗಂಟಲಾಳದ ‘ಕ’ ಇರುವ ಹೃದಯದ ಬಹುವಚನ ಕುಲೂಬ್. ಸಾದಾ ‘ಕ’ ಇರುವ ನಾಯಿಯದು ಕಿಲಾಬ್. ಆಕಾರ ಒಂದೇ, ಅಚ್ಚು ಬೇರೆ. ಏಕೆಂದು ಕೇಳಿದರೆ ನಿಯಮ ಉತ್ತರ ಕೊಡುವುದಿಲ್ಲ. ಹಾಗಿದ್ದರೂ ಒಲವುಗಳಿವೆ: ಕಲ್ಬ್ ಆಕಾರದವು ಹೆಚ್ಚಾಗಿ ಕುಲೂಬ್ ದಾರಿ ಹಿಡಿಯುತ್ತವೆ, ಕಲಮ್ ಆಕಾರದವು ಅಕ್ಲಾಮ್ ದಾರಿ. ಆಧುನಿಕ ಪದಗಳಾದ ಬ್ಯಾಂಕ್ ಬುನೂಕ್ ಆದದ್ದೂ ಫಿಲ್ಮ್ ಅಫ್ಲಾಮ್ ಆದದ್ದೂ ಈ ಅಚ್ಚುಗಳು ಇನ್ನೂ ಜೀವಂತವಾಗಿರುವುದಕ್ಕೆ ಸಾಕ್ಷಿ. ಸತ್ತ ಅಪವಾದಗಳಿಗೆ ಹೊಸ ಪದಗಳು ಹೋಗಿ ಸೇರುವುದಿಲ್ಲ.

ಗೊತ್ತಿಲ್ಲದಾಗ ‘-ಆತ್’ ಹಚ್ಚಿ ಮುಂದುವರಿಯುವುದು ಕಲಿಯುವವರ ಸಾಮಾನ್ಯ ಉಪಾಯ. ಅದರ ಅಪಾಯವೆಂದರೆ ಹಾಗೆ ಹುಟ್ಟಿದ ರೂಪ ಎಷ್ಟೋ ಸಲ ಬೇರೊಂದು ಪದದ ಸರಿಯಾದ ಬಹುವಚನವಾಗಿರುತ್ತದೆ. ಕಚೇರಿಗಳು ಎನ್ನಲು ಮಕ್ತಬಾತ್ ಎಂದರೆ ಕೇಳುವವನಿಗೆ ಗ್ರಂಥಾಲಯಗಳು ಎಂದಾಗುತ್ತದೆ, ಏಕೆಂದರೆ ಅದು ಮಕ್ತಬಾ ಪದದ ಬಹುವಚನ. ಕಿತಾಬಾತ್ ಎಂದರೆ ಪುಸ್ತಕಗಳಲ್ಲ, ಬರವಣಿಗೆಗಳು. ಓದುವಾಗಲೂ ಬಾಲ ನೋಡಿ ಮೋಸಹೋಗಬಾರದು. ಸಲಾತೀನ್‌ನ ‘ಈನ್’ ಪ್ರತ್ಯಯವಲ್ಲ. ಅದರ ‘ನ್’ ಸುಲ್ತಾನ್‌ನದೇ. ಅಸ್ವಾತ್ (ಧ್ವನಿಗಳು) ಎಂಬಲ್ಲಿನ ‘ತ್’ ಕೂಡ ಸೌತ್ ಎಂಬ ಏಕವಚನದಲ್ಲೇ ಇದೆ. ಪರೀಕ್ಷಿಸಲು ವಾಕ್ಯದಲ್ಲಿ ಕರ್ಮಸ್ಥಾನಕ್ಕೆ ತಂದು ನೋಡಬೇಕು: ಮುಅಲ್ಲಿಮಾತ್ ಅಲ್ಲಿ ಕೊನೆಗೆ ‘ಇ’ಕಾರ ಪಡೆಯುತ್ತದೆ, ಅಸ್ವಾತ್ ಏಕವಚನಗಳಂತೆ ‘ಅ’ಕಾರ ಪಡೆಯುತ್ತದೆ.

ಒಂದೇ ಪದಕ್ಕೆ ಎರಡು ಮುರಿದ ಬಹುವಚನಗಳಿರುವುದನ್ನು ಕಂಡು ಗಾಬರಿಯಾಗುವವರೂ ಇದ್ದಾರೆ. ಅಲ್ಲಿಯೂ ಹಲವು ಕಡೆ ವ್ಯವಸ್ಥೆಯಿದೆ. ಬೈತ್ ಎಂದರೆ ಮನೆಯೂ ಹೌದು, ಪದ್ಯದ ಸಾಲೂ ಹೌದು. ಮನೆಗಳಾದರೆ ಬುಯೂತ್, ಪದ್ಯದ ಸಾಲುಗಳಾದರೆ ಅಬ್ಯಾತ್. ಇನ್ನು ಕೆಲವು ಅಚ್ಚುಗಳನ್ನು ಹಳೆಯ ವೈಯಾಕರಣರು ಮೂರರಿಂದ ಹತ್ತರವರೆಗಿನ ಸಣ್ಣ ಸಂಖ್ಯೆಗೆ ಮೀಸಲಿಟ್ಟಿದ್ದರು. ಶಹ್ರ್ (ತಿಂಗಳು) ಪದಕ್ಕೆ ಅಶ್‌ಹುರ್, ಶುಹೂರ್ ಎಂಬ ಎರಡು ರೂಪಗಳಿವೆ. ಕುರ್‌ಆನಿನಲ್ಲಿ ಹಜ್ಜಿನ ಕೆಲವೇ ತಿಂಗಳುಗಳನ್ನು ಹೇಳುವಾಗ ಅಶ್‌ಹುರ್ ಬಂದಿದೆ; ವರ್ಷದ ತಿಂಗಳುಗಳ ಸಂಖ್ಯೆ 12 ಎನ್ನುವ ವಾಕ್ಯದಲ್ಲಿ ಶುಹೂರ್ ಬಂದಿದೆ. ಇಂದಿನ ಬಳಕೆಯಲ್ಲಿ ಈ ಭೇದ ಬಹುಮಟ್ಟಿಗೆ ಸಡಿಲಾಗಿದೆ, ಪ್ರತಿ ಪದಕ್ಕೂ ಎರಡು ರೂಪಗಳೂ ಇಲ್ಲ. ಅದಕ್ಕಾಗಿಯೇ ಒಳ್ಳೆಯ ಅರಬಿ ನಿಘಂಟುಗಳು ಏಕವಚನದ ಪಕ್ಕದಲ್ಲೇ ಬಹುವಚನವನ್ನೂ ಕೊಡುತ್ತವೆ. ಮೂರು ವ್ಯಂಜನಗಳ ಪದ ಎದುರಾದಾಗಲೆಲ್ಲ ಆ ಜೋಡಿಯನ್ನು ಒಟ್ಟಿಗೇ ಬರೆದಿಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ. ನಾಲ್ಕರ ಪದಗಳಿಗೆ, ಮುಅಲ್ಲಿಮ್‌ನಂಥ ವೃತ್ತಿವಾಚಕಗಳನ್ನು ಬಿಟ್ಟರೆ, ಆ ಶ್ರಮ ಬಹುತೇಕ ಬೇಕಾಗುವುದಿಲ್ಲ.