ಶುಕ್ರವಾರದ ರಜೆಗೂ ಮೊದಲು ಗಂಟೆಯ ಲೆಕ್ಕ

ದಿನಕ್ಕೆ ಒಂಬತ್ತು ಗಂಟೆ ಕೆಲಸ, ಎರಡು ವಾರಕ್ಕೊಮ್ಮೆ ಶುಕ್ರವಾರ ರಜೆ. ಈ ಪದ್ಧತಿ ನನಗೆ ಇಷ್ಟ. ಆದರೆ ಮೊದಲು ರಜೆ ಘೋಷಿಸಿ, ಆಮೇಲೆ ಲೆಕ್ಕಕ್ಕೆ ಕೂತರೆ ತಕರಾರು ಖಂಡಿತ.

ದಿನಕ್ಕೆ 8 ಗಂಟೆಯಂತೆ ಹತ್ತು ದಿನಕ್ಕೆ 80 ಗಂಟೆ. ಅದನ್ನೇ ಒಂಬತ್ತು ದಿನಕ್ಕೆ ಹಂಚಬೇಕು. ಒಂಬತ್ತೂ ದಿನ 9 ಗಂಟೆ ದುಡಿದರೆ 81 ಆಗುತ್ತದೆ. ಹಾಗಾಗಿ ಎಂಟು ದಿನ 9 ಗಂಟೆ, ಕೆಲಸವಿರುವ ಶುಕ್ರವಾರ ಮಾತ್ರ 8 ಗಂಟೆ. ಆ ಒಂದು ಗಂಟೆ ಸಣ್ಣದಲ್ಲ, ಅದನ್ನು ಬಿಟ್ಟುಕೊಡದಿದ್ದರೆ ಸಂಬಳ ಅಷ್ಟೇ ಇದ್ದು ಕೆಲಸ ಜಾಸ್ತಿಯಾಗುತ್ತದೆ. ಊಟದ ಬಿಡುವು ಬೇರೆ. ಬೆಳಗ್ಗೆ ಎಂಟಕ್ಕೆ ಬಂದವರು ಒಂದು ಗಂಟೆ ಬಿಡುವು ಸೇರಿ ಹೊರಡುವುದು ಸಂಜೆ ಆರಕ್ಕೆ. ಇದನ್ನು ಮೊದಲೇ ಹೇಳಬೇಕು ಅಲ್ವಾ?

ನಿಜವಾದ ತೊಡಕು ಓವರ್‌ಟೈಮ್‌ನಲ್ಲಿದೆ. ಸೋಮವಾರದಿಂದ ಲೆಕ್ಕ ಹಾಕಿದರೆ ಒಂದು ವಾರ 44 ಗಂಟೆ, ಇನ್ನೊಂದು ವಾರ 36. ವಾರಕ್ಕೆ 40 ಗಂಟೆ ಮೀರಿದರೆ ಓವರ್‌ಟೈಮ್ ಕೊಡಬೇಕಾದ ಕಡೆ ಮೊದಲ ವಾರದ 4 ಗಂಟೆಗೆ ಹಣ ಕೊಡಬೇಕು. ಮುಂದಿನ ವಾರ 36 ಇದೆ ಎಂದು ಸರಿದೂಗಿಸಲು ಆಗುವುದಿಲ್ಲ. ಇದಕ್ಕೆ ಒಂದು ಚೆಂದದ ಉಪಾಯವಿದೆ. ಪೇರೋಲ್‌ನ ವಾರವನ್ನು ಶುಕ್ರವಾರದ ಕೆಲಸದ ನಡುವೆ, ಮಧ್ಯಾಹ್ನಕ್ಕೆ ಮುಗಿಸುವುದು. ಬೆಳಗಿನ 4 ಗಂಟೆ ಹಿಂದಿನ 36ಕ್ಕೆ ಸೇರುತ್ತದೆ, ಮಧ್ಯಾಹ್ನದ 4 ಗಂಟೆ ಮುಂದಿನ 36ಕ್ಕೆ. ಎರಡೂ ವಾರ ಸರಿಯಾಗಿ 40. ದಿನಕ್ಕೆ 8 ಗಂಟೆ ಮೀರಿದರೇ ಓವರ್‌ಟೈಮ್ ಎನ್ನುವ ಕಾನೂನಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಈ ಲೆಕ್ಕ ಕೆಡುವುದು ರಜೆಯ ಅದಲುಬದಲಿಯಲ್ಲಿ. ಹತ್ತು ಜನರ ತಂಡವನ್ನು ಐದೈದು ಮಾಡಿ, ಒಂದು ಶುಕ್ರವಾರ ಇವರಿಗೆ, ಮುಂದಿನದು ಅವರಿಗೆ ರಜೆ ಕೊಟ್ಟಿದ್ದೀರಿ ಎಂದುಕೊಳ್ಳಿ. ಒಬ್ಬರು ತಮ್ಮ ರಜೆಯ ಶುಕ್ರವಾರ ಬಂದು ಕೆಲಸ ಮಾಡಿ, ಮುಂದಿನ ಶುಕ್ರವಾರ ರಜೆ ಹಾಕುತ್ತಾರೆ. ತಂಡದ ಮುಖ್ಯಸ್ಥರೂ 'ಆಗಲಿ' ಅನ್ನುತ್ತಾರೆ. ಆಗ ಅವರ ಒಂದು ವಾರ ಮತ್ತೆ 44ಕ್ಕೆ ಏರುತ್ತದೆ. ಪೇರೋಲ್‌ನಲ್ಲಿ 44 ಪದೇಪದೇ ಕಂಡರೆ ಬಾಯಿಮಾತಿನ ಅದಲುಬದಲಿ ನಡೆಯುತ್ತಿದೆ ಎಂದೇ ತಿಳಿಯಿರಿ. ಕೆಲಸದ ಹೊರೆಗೆ ಜನ ಸಾಲದಿರುವುದೂ ಕಾರಣ ಇರಬಹುದು, ಅದನ್ನೂ ವಿಚಾರಿಸಬೇಕು.

ರಜೆಯ ಖಾತೆಯನ್ನೂ ದಿನಗಳಿಂದ ಗಂಟೆಗೆ ಬದಲಿಸಬೇಕು. ವರ್ಷಕ್ಕೆ 15 ದಿನ ರಜೆ ಇದ್ದರೆ ಅದು 120 ಗಂಟೆ. ಮಂಗಳವಾರ ರಜೆ ಹಾಕಿದರೆ 9 ಕಳೆಯುತ್ತದೆ, ಕೆಲಸದ ಶುಕ್ರವಾರವಾದರೆ 8. ಹಬ್ಬದ ರಜೆ 9 ಗಂಟೆಯ ದಿನ ಬಂದಾಗ 8 ಗಂಟೆ ಮಾತ್ರ ಕೊಟ್ಟು, ಉಳಿದ ಒಂದು ಗಂಟೆಯನ್ನು ನೌಕರರ ಖಾತೆಯಿಂದ ಕಳೆಯುವ ಕ್ರಮ ನನಗೆ ಒಪ್ಪಿಗೆಯಿಲ್ಲ. ವೇಳಾಪಟ್ಟಿ ಮಾಡಿದ್ದು ಕಂಪನಿ, ಆ ಗಂಟೆಯನ್ನೂ ಅದೇ ಭರಿಸಲಿ. ಹಬ್ಬ ರಜೆಯ ಶುಕ್ರವಾರವೇ ಬಂದರೆ ಬದಲಿಗೆ ಗುರುವಾರ ಬಿಡುವು ಕೊಡಬೇಕು, ಮತ್ತು ಇದು ಪದ್ಧತಿ ಶುರುವಾಗುವ ಮೊದಲೇ ಬರವಣಿಗೆಯಲ್ಲಿ ಎಲ್ಲರ ಕೈಯಲ್ಲಿರಬೇಕು.