ಪ್ರಿನ್ಸಿಪಾಲರಿಗೆ ಬರೆಯುವ ಮೇಲ್‌ನಲ್ಲಿ ಫೀಸ್ ಮುಚ್ಚಿಡಬೇಡಿ

ಸ್ವಂತವಾಗಿ ಟ್ರೈನಿಂಗ್ ಕೊಡುವ ಗೆಳೆಯರು, ನಿಮ್ಮ ಮಕ್ಕಳಿಗೆ ಕಾರ್ಯಾಗಾರ ಮಾಡ್ತೀವಿ ಅಂತ ಶಾಲೆಗಳಿಗೆ ಬರೆಯುವ ಮೇಲ್‌ಗಳನ್ನು ಕಳಿಸುವ ಮೊದಲು ನನಗೂ ತೋರಿಸುತ್ತಾರೆ. ಹೆಚ್ಚಿನವು ಒಂದೇ ಥರ. ಮೊದಲಿಗೆ ಮಕ್ಕಳ ಭವಿಷ್ಯದ ಬಗ್ಗೆ ಎರಡು ಪ್ಯಾರಾ, ಆಮೇಲೆ ತಮ್ಮ ಸರ್ಟಿಫಿಕೇಟ್‌ಗಳು, ಕೊನೆಗೆ 'ಫೀಸ್ ಬಗ್ಗೆ ಖುದ್ದಾಗಿ ಮಾತಾಡೋಣ'. ಇದಕ್ಕೆ ಉತ್ತರ ಬರುವುದು ಕಷ್ಟ.

ದುಡ್ಡು ಖರ್ಚಾಗುವ ವಿಷಯವನ್ನು ಪ್ರಿನ್ಸಿಪಾಲರು ಸಾಮಾನ್ಯವಾಗಿ ಒಬ್ಬರೇ ತೀರ್ಮಾನ ಮಾಡುವುದಿಲ್ಲ. ಇಷ್ಟವಾದರೂ ಆಡಳಿತ ಮಂಡಳಿಯನ್ನು ಕೇಳಬೇಕು, ಟೈಮ್ ಟೇಬಲ್ ನೋಡಿಕೊಳ್ಳುವವರನ್ನೂ ಕೇಳಬೇಕು. ಹಾಗಾಗಿ ನಿಮ್ಮ ಮೇಲ್ ಅನ್ನೇ ಅವರಿಗೆ ಫಾರ್ವರ್ಡ್ ಮಾಡುತ್ತಾರೆ. ಎಷ್ಟು ದುಡ್ಡು, ಯಾವ ತರಗತಿ, ಎಷ್ಟು ಪೀರಿಯಡ್ ಅನ್ನೋದು ಅದರಲ್ಲೇ ಇಲ್ಲದಿದ್ದರೆ ಪ್ರಿನ್ಸಿಪಾಲರೇ ನಿಮ್ಮನ್ನು ಕೇಳಿ ತಿಳಿದು ಬರೆಯಬೇಕು. ಅಷ್ಟು ಪುರುಸೊತ್ತು ಅವರಿಗೆಲ್ಲಿದೆ?

ಮಕ್ಕಳಿಗೆ ಭಾಷಣ ಮಾಡೋದು ಕಲಿಸುವ ಗೆಳತಿಯೊಬ್ಬಳು 'ಒಂದು ಗಂಟೆ, 200 ಮಕ್ಕಳು, ಪ್ರತಿಯೊಬ್ಬರಿಗೂ ಮಾತಾಡುವ ಅವಕಾಶ' ಅಂತ ಬರೆದಿದ್ದಳು. ಲೆಕ್ಕ ಹಾಕಿದರೆ ಮಗುವಿಗೆ 18 ಸೆಕೆಂಡ್ ಸಿಗುತ್ತದೆ. ವರ್ಷಗಟ್ಟಲೆ ಪಾಠ ಮಾಡಿದವರಿಗೆ ಇದು ಓದಿದ ಕೂಡಲೇ ಗೊತ್ತಾಗುತ್ತದೆ, ಆಮೇಲೆ ಉಳಿದ ಮಾತನ್ನೂ ಅವರು ನಂಬುವುದಿಲ್ಲ.

ಇಬ್ಬರೂ ಕೂತು ಅದನ್ನು ಬದಲಾಯಿಸಿದೆವು. ಸಬ್ಜೆಕ್ಟ್ ಲೈನ್ ಹೀಗಾಯಿತು: '9ನೇ ತರಗತಿಗೆ ಭಾಷಣ ಕಾರ್ಯಾಗಾರ: 40 ಮಕ್ಕಳು, 2 ದಿನ, ದಿನಕ್ಕೆ 2 ಪೀರಿಯಡ್'. ಪೀರಿಯಡ್‌ಗೆ 40 ನಿಮಿಷ ಅಂದುಕೊಂಡರೆ ಮೊದಲ ದಿನ ತಯಾರಿ, ಜೋಡಿಯಾಗಿ ಅಭ್ಯಾಸ. ಎರಡನೇ ದಿನ ಪ್ರತಿ ಮಗುವಿಗೂ ಒಂದು ನಿಮಿಷ ಮಾತು, ಇನ್ನೊಂದು ನಿಮಿಷ ಎದ್ದು ಬರೋದಕ್ಕೆ ಮತ್ತು ಅವಳ ಸಲಹೆಗೆ. 80 ನಿಮಿಷಕ್ಕೆ ಸರಿಹೋಗುತ್ತದೆ. 'ಮೈಕ್ ಬೇಡ, ಒಂದು ಕ್ಲಾಸ್‌ರೂಮ್ ಸಾಕು, ಜೊತೆಗೆ ಒಬ್ಬ ಶಿಕ್ಷಕರು ಇರಬೇಕು' ಅಂತಲೂ ಸೇರಿಸಿದೆವು.

ಫೀಸ್ ವಿಷಯಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಅವಳು ತಲಾ ಇಷ್ಟು ಅಂತ ಹಾಕಿದ್ದಳು. ಹಾಗೆ ಹಾಕಿದರೆ ಪೋಷಕರಿಗೆ ಸರ್ಕ್ಯುಲರ್ ಕಳಿಸಿ ದುಡ್ಡು ಸೇರಿಸುವ ಕೆಲಸ ಶಾಲೆಯ ತಲೆಗೆ ಬರಬಹುದು. ಕೊಡದ ಮಕ್ಕಳನ್ನು ಹೊರಗೆ ಕೂರಿಸೋದಾ ಅನ್ನೋ ಪ್ರಶ್ನೆ ಬೇರೆ. ನನ್ನ ಪ್ರಕಾರ ಒಂದು ಸೆಕ್ಷನ್‌ಗೆ ಒಟ್ಟು ಇಷ್ಟು, ಪ್ರಯಾಣ ಮತ್ತು ಸಾಮಗ್ರಿ ಸೇರಿ, ಅಂತ ಒಂದೇ ಮೊತ್ತ ಬರೆಯಬೇಕು. ಮುಂಗಡ ಎಷ್ಟು, ಉಳಿದದ್ದು ಯಾವಾಗ, ಬಿಲ್ ಕೊಡ್ತೀರಾ ಅನ್ನೋದು ಅದರ ಕೆಳಗೇ ಇರಲಿ.

'ಮೊದಲನೇದು ಫ್ರೀ' ಅನ್ನಬೇಡಿ. ಎರಡನೇ ಸಲ ದುಡ್ಡು ಕೇಳುವಾಗ ಅದೇ ಅಡ್ಡ ಬರುತ್ತದೆ. ಶಾಲೆಗೆ ಅನುಮಾನ ಇದ್ದರೆ ಮೊದಲು ಒಂದೇ ಸೆಕ್ಷನ್‌ಗೆ ಮಾಡಿ, ಪೂರ್ತಿ ಫೀಸ್ ತಗೊಳ್ಳಿ, ಉಳಿದ ಸೆಕ್ಷನ್‌ಗಳ ಮಾತು ಆಮೇಲೆ.

ಪರೀಕ್ಷೆ ಹತ್ತಿರ ಇರುವಾಗ ಮಾತ್ರ ಕಳಿಸಬೇಡಿ. ಆಗ ಎಂಥಾ ಒಳ್ಳೆ ಮೇಲ್ ಬಂದರೂ ಕೊಡೋದಕ್ಕೆ ಅವರ ಹತ್ತಿರ ಪೀರಿಯಡ್ ಇರುವುದಿಲ್ಲ.